ಪ್ರಿಪ್ರಿಂಟ್ ಓದುವುದು ಹೇಗೆ? 50 ಪಾಸಿಟಿವ್‌ಗಳ ಒಂದು ಲೆಕ್ಕ

ಸಂಶೋಧಕರು ತಮ್ಮ ಅಧ್ಯಯನವನ್ನು ಬರೆದು ಮುಗಿಸುತ್ತಾರೆ. ಜರ್ನಲ್‌ನವರು ಅದನ್ನು ಬೇರೆ ತಜ್ಞರಿಗೆ ಕೊಟ್ಟು ಓದಿಸುವ ಮೊದಲೇ ಎಲ್ಲರೂ ನೋಡಲಿ ಅಂತ ಆನ್‌ಲೈನ್‌ನಲ್ಲಿ ಹಾಕಿದರೆ ಅದೇ ಪ್ರಿಪ್ರಿಂಟ್. ವೈದ್ಯಕೀಯದಲ್ಲಿ ಬಹಳಷ್ಟು ಮೆಡ್‌ಆರ್ಕೈವ್ ತಾಣಕ್ಕೆ ಬರುತ್ತವೆ. ಅಲ್ಲಿ ಒಂದು ಮೇಲ್ನೋಟದ ತಪಾಸಣೆ ಇರುತ್ತದೆ. ಬೇರೆಯವರ ಬರಹದ ನಕಲೇ, ಜನರಿಗೆ ಅಪಾಯ ತರುವಂಥದ್ದೇ ಅಂತ ನೋಡುತ್ತಾರೆ. ಲೆಕ್ಕ ಸರಿಯಿದೆಯೇ, ತೀರ್ಮಾನಕ್ಕೆ ಆಧಾರ ಸಾಕೇ ಅಂತ ಯಾರೂ ಕೂತು ಪರೀಕ್ಷಿಸಿರುವುದಿಲ್ಲ. ಆ ಕೆಲಸದ ಒಂದಿಷ್ಟು ಭಾಗವನ್ನು ಓದುಗರೇ ಮಾಡಬೇಕಾಗುತ್ತದೆ.

ಅದನ್ನು ಹೇಗೆ ಮಾಡುವುದು ಅಂತ ತೋರಿಸಲು ಒಂದು ನಿಜವಾದ ಪ್ರಿಪ್ರಿಂಟನ್ನೇ ತೆಗೆದುಕೊಳ್ಳೋಣ. 2020ರ ಏಪ್ರಿಲ್ ಆರಂಭದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ 3,330 ಜನರ ರಕ್ತ ಪರೀಕ್ಷೆ ಮಾಡಿದರು. ಕೊರೊನಾ ಸೋಂಕು ಬಂದುಹೋದವರ ರಕ್ತದಲ್ಲಿ ಉಳಿಯುವ ಪ್ರತಿಕಾಯಗಳನ್ನು ಅವರು ಹುಡುಕುತ್ತಿದ್ದರು. 50 ಜನರಲ್ಲಿ ಪಾಸಿಟಿವ್ ಬಂತು. ಎರಡೇ ವಾರದಲ್ಲಿ ಪ್ರಿಪ್ರಿಂಟ್ ಹೊರಬಂತು. ಕೌಂಟಿಯಲ್ಲಿ 48,000ದಿಂದ 81,000 ಜನರಿಗೆ ಆಗಲೇ ಸೋಂಕು ತಗುಲಿದೆ, ಇದು ಅಧಿಕೃತ ಲೆಕ್ಕದ 50ರಿಂದ 85 ಪಟ್ಟು ಅಂತ ಅದು ಹೇಳಿತು. ಸೋಂಕು ಅಷ್ಟು ಹರಡಿದ್ದರೆ, ತಗುಲಿದವರಲ್ಲಿ ಸಾಯುವವರ ಪ್ರಮಾಣ ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ ಅಂತಾಗುತ್ತದೆ. ಹಾಗಾಗಿಯೇ ಈ ಸಂಖ್ಯೆ ದೊಡ್ಡ ಚರ್ಚೆಗೆ ಕಾರಣವಾಯಿತು.

ಮೊದಲು ಆವೃತ್ತಿ ಯಾವುದು ನೋಡಿ

ಪ್ರಿಪ್ರಿಂಟನ್ನು ಲೇಖಕರು ತಿದ್ದಿ ಮತ್ತೆ ಮತ್ತೆ ಹಾಕಬಹುದು. ಮೆಡ್‌ಆರ್ಕೈವ್‌ನಲ್ಲಿ `Info/History` ಅನ್ನುವ ಕಡೆ ಒತ್ತಿದರೆ ಎಲ್ಲ ಆವೃತ್ತಿಗಳೂ ತಾರೀಖಿನ ಸಮೇತ ಸಿಗುತ್ತವೆ. ವಿಳಾಸದ ಕೊನೆಯಲ್ಲಿ `v1`, `v2` ಅಂತ ಇರುತ್ತದೆ. ಸುದ್ದಿಯಲ್ಲಿ ಓಡಾಡುವುದು ಸಾಮಾನ್ಯವಾಗಿ ಮೊದಲನೆಯದು. ಸಾಂಟಾ ಕ್ಲಾರಾದ ಮೊದಲ ಆವೃತ್ತಿ ಬಂದದ್ದು ಏಪ್ರಿಲ್ ಮಧ್ಯದಲ್ಲಿ. ತಿದ್ದಿದ ಆವೃತ್ತಿ ಆ ತಿಂಗಳು ಮುಗಿಯುವ ಹೊತ್ತಿಗೇ ಬಂತು. ಸದ್ಯಕ್ಕೆ ಮೊದಲನೆಯದನ್ನೇ ಓದೋಣ.

ಮುಖ್ಯ ಸಂಖ್ಯೆಯನ್ನು ಬಿಡಿಸಿ, ನೀವೇ ಲೆಕ್ಕ ಹಾಕಿ

ಸಾರಾಂಶದಲ್ಲಿರುವ ದೊಡ್ಡ ಸಂಖ್ಯೆಯನ್ನು ಬಿಟ್ಟು, ಅದು ಹುಟ್ಟಿದ ಕಚ್ಚಾ ಸಂಖ್ಯೆಯನ್ನು ಹುಡುಕಬೇಕು. ಇಲ್ಲಿ ಅದು 3,330ರಲ್ಲಿ 50, ಅಂದರೆ ಶೇ 1.5. ಇಷ್ಟು ಸಣ್ಣ ಪ್ರಮಾಣ ಕಂಡ ತಕ್ಷಣ ಕೇಳಬೇಕಾದ ಪ್ರಶ್ನೆ ಒಂದೇ. ಈ ಪರೀಕ್ಷೆ ಸೋಂಕೇ ತಗುಲದವರನ್ನು ಎಷ್ಟು ಸಲ ತಪ್ಪಾಗಿ ಪಾಸಿಟಿವ್ ಅನ್ನುತ್ತದೆ?

ಉತ್ತರ ಪ್ರಿಪ್ರಿಂಟಿನಲ್ಲೇ ಇತ್ತು. ಸೋಂಕಿಲ್ಲ ಅಂತ ಮೊದಲೇ ಗೊತ್ತಿದ್ದ 401 ರಕ್ತದ ಮಾದರಿಗಳ ಮೇಲೆ ಕಿಟ್ಟನ್ನು ಪರೀಕ್ಷಿಸಿದ್ದರು. ಎರಡರಲ್ಲಿ ತಪ್ಪು ಪಾಸಿಟಿವ್ ಬಂದಿತ್ತು. ಅಂದರೆ ಶೇ 99.5ರಷ್ಟು ಸರಿ. ಕೇಳಲು ತುಂಬಾ ಚೆನ್ನಾಗಿದೆ, ಅಲ್ವಾ? ಈಗ ಉಳಿದ ಶೇ 0.5ನ್ನು 3,330ಕ್ಕೆ ಹಚ್ಚಿ ನೋಡಿ. ಸುಮಾರು 17 ಆಗುತ್ತದೆ. ಕೌಂಟಿಯಲ್ಲಿ ಒಬ್ಬರಿಗೂ ಸೋಂಕು ಇಲ್ಲದಿದ್ದರೂ ಈ ಕಿಟ್ 17 ಜನರನ್ನು ಪಾಸಿಟಿವ್ ಅನ್ನುತ್ತಿತ್ತು. 50ರಲ್ಲಿ ಮೂರನೇ ಒಂದು ಭಾಗ ಹೀಗೇ ಹೋಯಿತು.

ನಿಜವಾದ ತೊಡಕು ಇನ್ನೂ ಮುಂದಿದೆ. 401ರಲ್ಲಿ ಎರಡು ತಪ್ಪು ಅನ್ನುವುದು ಬಹಳ ಸಣ್ಣ ಆಧಾರ. ಬೇರೆ 401 ಮಾದರಿ ತೆಗೆದುಕೊಂಡಿದ್ದರೆ ಒಂದು ತಪ್ಪು ಬರಬಹುದಿತ್ತು, ಐದೂ ಬರಬಹುದಿತ್ತು. ಅದಕ್ಕೇ ಲೇಖಕರು 99.5ರ ಪಕ್ಕದಲ್ಲಿ ಒಂದು ವ್ಯಾಪ್ತಿ ಕೊಟ್ಟಿದ್ದರು: ಶೇ 98.3ರಿಂದ 99.9. ಕೆಳಗಿನ ತುದಿಯನ್ನು ಹಿಡಿದು ಲೆಕ್ಕ ಹಾಕಿ. ಶೇ 1.7ರಷ್ಟು ತಪ್ಪಾದರೆ 3,330 ಜನರಲ್ಲಿ 57 ತಪ್ಪು ಪಾಸಿಟಿವ್ ಬರುತ್ತವೆ. ಸಿಕ್ಕಿದ್ದೇ 50! ಅಂದರೆ ಲೇಖಕರೇ ಕೊಟ್ಟ ವ್ಯಾಪ್ತಿಯ ಪ್ರಕಾರ, ಸಿಕ್ಕ ಪಾಸಿಟಿವ್‌ಗಳೆಲ್ಲವೂ ಕಿಟ್ಟಿನ ತಪ್ಪೇ ಆಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿರಲಿಲ್ಲ. ಆದರೂ ಮುಖ್ಯ ತೀರ್ಮಾನದಲ್ಲಿ ಕೆಳಗಿನ ಅಂದಾಜು 48,000ಕ್ಕೆ ನಿಂತಿತ್ತು. ಸಂಖ್ಯಾಶಾಸ್ತ್ರಜ್ಞರು ಕೆಲವೇ ದಿನಗಳಲ್ಲಿ ಬೊಟ್ಟು ಮಾಡಿದ್ದು ಇದನ್ನೇ. ಗುಣಾಕಾರ ಬಂದರೆ ಸಾಕು, ಈ ದೋಷವನ್ನು ಯಾರು ಬೇಕಾದರೂ ಹಿಡಿಯಬಹುದಿತ್ತು ಅನ್ನುವುದು ನನಗೆ ಈಗಲೂ ಮುಖ್ಯ ಅನಿಸುತ್ತದೆ.

ಸೋಂಕು ಅಪರೂಪವಾಗಿದ್ದಾಗಲೇ ಈ ತೊಂದರೆ ಜಾಸ್ತಿ. ಇದೇ ಕಿಟ್ಟನ್ನು ನೂರಕ್ಕೆ 30 ಜನರಿಗೆ ಸೋಂಕು ತಗುಲಿರುವ ಕಡೆ ಬಳಸಿದರೆ, ಶೇ ಒಂದೆರಡು ತಪ್ಪಿನಿಂದ ತೀರ್ಮಾನ ಬದಲಾಗುವುದಿಲ್ಲ.

ಯಾರು ಬಂದರು, ಹೇಗೆ ಬಂದರು

ವಿಧಾನದ ಭಾಗದಲ್ಲಿ, ಜನರನ್ನು ಸೇರಿಸಿದ್ದು ಹೇಗೆ ಅನ್ನುವ ಪ್ಯಾರಾ ಇರುತ್ತದೆ. ಸಾಂಟಾ ಕ್ಲಾರಾದಲ್ಲಿ ಫೇಸ್‌ಬುಕ್ ಜಾಹೀರಾತು ಕೊಟ್ಟು ಕರೆದಿದ್ದರು. ಆಗ ಕೊರೊನಾ ಪರೀಕ್ಷೆ ಸಿಗುವುದೇ ಕಷ್ಟವಿತ್ತು. ಹಿಂದಿನ ತಿಂಗಳು ಜ್ವರ, ಕೆಮ್ಮು ಬಂದು ಹೋಗಿದ್ದವರಿಗೆ ‘ನನಗೂ ಬಂದಿತ್ತಾ’ ಅನ್ನುವ ಕುತೂಹಲ ಹೆಚ್ಚಿರುವುದು ಸಹಜ. ಅಂಥವರು ಜಾಸ್ತಿ ಬಂದಿದ್ದರೆ ಸಂಖ್ಯೆ ಮೇಲಕ್ಕೆ ಹೋಗುತ್ತದೆ. ಮನೆಯಿಂದ ಹೊರಗೆ ಬಾರದೆ ಹುಷಾರಾಗಿದ್ದವರೇ ಹೆಚ್ಚು ಬಂದಿದ್ದರೆ ಕೆಳಕ್ಕೆ ಬರುತ್ತದೆ. ಯಾವ ಕಡೆಗೆ ಎಷ್ಟು ಅಂತ ಪ್ರಿಪ್ರಿಂಟ್ ನೋಡಿ ಹೇಳಲು ಆಗುವುದಿಲ್ಲ.

ಬಂದವರಿಗೂ ಕೌಂಟಿಯ ಜನಸಂಖ್ಯೆಗೂ ಹೊಂದಿಕೆ ಇರಲಿಲ್ಲ. ಅದನ್ನು ಸರಿಪಡಿಸಲು ಲೇಖಕರು ಪಿನ್‌ಕೋಡ್, ಲಿಂಗ, ಜನಾಂಗ ನೋಡಿ ಕೆಲವರಿಗೆ ಹೆಚ್ಚು ತೂಕ, ಕೆಲವರಿಗೆ ಕಡಿಮೆ ತೂಕ ಕೊಟ್ಟರು. ಇಷ್ಟರಿಂದಲೇ 1.5 ಇದ್ದದ್ದು 2.8 ಆಯಿತು. ಇದು ಮೋಸವಲ್ಲ, ಎಲ್ಲರೂ ಮಾಡುವ ಕ್ರಮವೇ. ಆದರೆ ಹೊಂದಾಣಿಕೆಯಿಂದಲೇ ಉತ್ತರ ದುಪ್ಪಟ್ಟಿನ ಹತ್ತಿರ ಹೋಗಿದ್ದರೆ ಅಲ್ಲಿ ಒಂದು ಗುರುತು ಹಾಕಿಕೊಳ್ಳಿ. ಕಡಿಮೆ ಜನ ಬಂದ ಪ್ರದೇಶದ ಒಂದೊಂದು ಪಾಸಿಟಿವ್ ಕೂಡ ಬಹಳ ಜನರ ಪರವಾಗಿ ಲೆಕ್ಕಕ್ಕೆ ಸೇರಿರುತ್ತದೆ. ಅದರಲ್ಲಿ ಒಂದೆರಡು ತಪ್ಪು ಪಾಸಿಟಿವ್ ಇದ್ದರೆ ಆ ತಪ್ಪೂ ಹಿಗ್ಗುತ್ತದೆ.

ತಿದ್ದಿದ ಆವೃತ್ತಿಯಲ್ಲಿ ಏನು ಬದಲಾಯಿತು

ಈಗ ಎರಡನೆಯದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಲೇಖಕರು ಟೀಕೆಯನ್ನು ಕೇಳಿಸಿಕೊಂಡಿದ್ದರು. ಕಿಟ್ಟಿನ ಪರೀಕ್ಷೆಗೆ 401ರ ಬದಲು 3,324 ಮಾದರಿಗಳ ಮಾಹಿತಿ ಸೇರಿಸಿದರು. ಶೇ 99.5 ಹಾಗೇ ಉಳಿಯಿತು, ಆದರೆ ವ್ಯಾಪ್ತಿ 99.2ರಿಂದ 99.7ಕ್ಕೆ ಕಿರಿದಾಯಿತು. ಅದೇ ಲೆಕ್ಕ ಮತ್ತೆ ಹಾಕಿ. ತಪ್ಪು ಪಾಸಿಟಿವ್ ಹತ್ತರಿಂದ 27ರ ಒಳಗೆ ಬರುತ್ತವೆ. 50ರಲ್ಲಿ ಕಡಿಮೆಯೆಂದರೂ 23 ಉಳಿಯುತ್ತವೆ. ಎಲ್ಲವೂ ಕಿಟ್ಟಿನ ತಪ್ಪು ಅನ್ನುವ ಅನುಮಾನ ಇಲ್ಲಿಗೆ ಕರಗಿತು.

ಹಾಗಂತ ಅಂತಿಮ ಅಂದಾಜು ಬಿಗಿಯಾಗಲಿಲ್ಲ, ಇನ್ನೂ ಸಡಿಲವಾಯಿತು. ನಡುವಿನ ಸಂಖ್ಯೆ ಶೇ 2.8. ವ್ಯಾಪ್ತಿ 1.3ರಿಂದ 4.7. ಜನರ ಲೆಕ್ಕದಲ್ಲಿ 25,000ದಿಂದ 91,000. ಮೊದಲ ಸಲ ಅನಿಶ್ಚಿತತೆಯನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಈ ಸಲ ತೆಗೆದುಕೊಂಡರು. ಎರಡು ಆವೃತ್ತಿಗಳನ್ನು ಹೋಲಿಸುವಾಗ ನಡುವಿನ ಸಂಖ್ಯೆಗಿಂತ ಅದರ ಅಕ್ಕಪಕ್ಕದ ವ್ಯಾಪ್ತಿಯನ್ನೇ ಹೆಚ್ಚು ನೋಡಿ ಅನ್ನುವುದು ಇದಕ್ಕೇ.

ಜರ್ನಲ್‌ಗಳಲ್ಲಿ ಬಂದದ್ದರ ಜೊತೆ ತೂಗಿ

ಇದೇ ಅಧ್ಯಯನ 2021ರಲ್ಲಿ ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಎಪಿಡೆಮಿಯಾಲಜಿಯಲ್ಲಿ ತಜ್ಞರ ಪರಿಶೀಲನೆ ದಾಟಿ ಪ್ರಕಟವಾಯಿತು. ಹೀಗೆ ಪ್ರಕಟವಾದರೆ ಪ್ರಿಪ್ರಿಂಟ್ ಪುಟದ ಮೇಲ್ಗಡೆ `Now published in` ಅಂತ ಕೊಂಡಿ ಬರುತ್ತದೆ. ಅದು ಇದ್ದರೆ ಪ್ರಿಪ್ರಿಂಟನ್ನು ಬಿಟ್ಟು ಅದನ್ನೇ ಓದಿ. ನಡುವಿನ ಸಂಖ್ಯೆ ಅಲ್ಲೂ ಶೇ 2.8ರಲ್ಲೇ ಇತ್ತು. ಪರಿಶೀಲನೆಯಿಂದ ಫೇಸ್‌ಬುಕ್ ಮೂಲಕ ಬಂದವರು ಬದಲಾಗುವುದಿಲ್ಲವಲ್ಲ! ಆ ಮಿತಿ ಹಾಗೇ ಉಳಿಯುತ್ತದೆ.

ಆದ್ದರಿಂದ ಬೇರೆ ತಂಡ, ಬೇರೆ ದಾರಿಯಲ್ಲಿ ಅದೇ ಪ್ರಶ್ನೆ ಕೇಳಿದ್ದನ್ನು ಹುಡುಕಬೇಕು. 2020ರ ಜುಲೈನಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್‌ನಲ್ಲಿ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಒಂದು ಅಧ್ಯಯನ ಬಂತು. ಬೇರೆ ಕಾರಣಕ್ಕೆ ಲ್ಯಾಬಿಗೆ ರಕ್ತ ಕೊಟ್ಟವರ ಉಳಿದ ಮಾದರಿಗಳನ್ನು ಹತ್ತು ಪ್ರದೇಶಗಳಿಂದ ತೆಗೆದುಕೊಂಡಿದ್ದರು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ, ಸಾಂಟಾ ಕ್ಲಾರಾ ಸಮೀಕ್ಷೆ ನಡೆದು ಸುಮಾರು ಮೂರು ವಾರದ ನಂತರ, ಪ್ರತಿಕಾಯ ಕಂಡದ್ದು ಶೇ 1.0. ಹತ್ತೂ ಪ್ರದೇಶ ನೋಡಿದರೆ ನಿಜವಾದ ಸೋಂಕು ಅಧಿಕೃತ ಲೆಕ್ಕದ 6ರಿಂದ 24 ಪಟ್ಟು ಇತ್ತು.

ಇದಕ್ಕೂ ಕೊರತೆ ಇದೆ. ಲಾಕ್‌ಡೌನ್ ಹೊತ್ತಿನಲ್ಲಿ ರಕ್ತ ಪರೀಕ್ಷೆಗೆ ಹೋಗುವವರು ಇಡೀ ಊರಿನ ಪ್ರತಿನಿಧಿಗಳಲ್ಲ. ಪ್ರದೇಶವೂ ಪೂರ್ತಿ ಒಂದೇ ಅಲ್ಲ. ಅಧಿಕೃತ ಪ್ರಕರಣಗಳೂ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದುದರಿಂದ ‘ಎಷ್ಟು ಪಟ್ಟು’ ಅನ್ನುವುದು ಯಾವ ತಾರೀಖಿನ ಲೆಕ್ಕ ಹಿಡಿದಿರಿ ಅನ್ನುವುದರ ಮೇಲೆ ನಿಲ್ಲುತ್ತದೆ. ಆದರೆ ಇವರ ಕೊರತೆ ಬೇರೆ, ಅವರ ಕೊರತೆ ಬೇರೆ. ಬೇರೆ ಬೇರೆ ಕೊರತೆ ಇರುವ ಎರಡು ಅಧ್ಯಯನಗಳು ಒಂದೇ ಮಾತು ಹೇಳಿದರೆ ಆ ಮಾತನ್ನು ನಂಬಲು ಆಧಾರ ಸಿಗುತ್ತದೆ.

ಈ ಎರಡೂ ಒಪ್ಪುವ ಮಾತು ಯಾವುದು? ಸೋಂಕು ಅಧಿಕೃತ ಲೆಕ್ಕಕ್ಕಿಂತ ಹಲವು ಪಟ್ಟು ಹೆಚ್ಚು ಹರಡಿತ್ತು ಅನ್ನುವುದು. ಎಷ್ಟು ಪಟ್ಟು ಅನ್ನುವುದರಲ್ಲಿ ಒಪ್ಪಿಗೆ ಇಲ್ಲ. ಆದ್ದರಿಂದ ಪ್ರಿಪ್ರಿಂಟಿನ ಮಾತನ್ನು ಎರಡಾಗಿ ಒಡೆದು ಬರೆದಿಟ್ಟುಕೊಳ್ಳಿ. ‘ಲೆಕ್ಕಕ್ಕೆ ಸಿಗದ ಸೋಂಕು ಬಹಳ’ ಅನ್ನುವುದನ್ನು ಉಳಿಸಿಕೊಳ್ಳಬಹುದು. ‘50ರಿಂದ 85 ಪಟ್ಟು’ ಅನ್ನುವುದರ ಮೇಲೆ, ಅದರಿಂದ ಲೆಕ್ಕ ಹಾಕಿದ ಸಾವಿನ ಪ್ರಮಾಣದ ಮೇಲೆ ಏನನ್ನೂ ಕಟ್ಟುವಂತಿಲ್ಲ.

ಪರಿಶೀಲನೆಯಾದದ್ದು ಯಾವುದರ ಮೇಲೆ ನಿಂತಿದೆ?

ತೂಗುವಾಗ ಒಂದು ಬಲೆ ಇದೆ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡುವ ಮೆಟಾ ಅನಾಲಿಸಿಸ್ ಜರ್ನಲ್‌ನಲ್ಲಿ ಬಂದಿರಬಹುದು. ಆದರೆ ಅದರ ಒಳಗೆ ಪ್ರಿಪ್ರಿಂಟ್‌ಗಳೇ ಸೇರಿರಬಹುದು. ಕೊರೊನಾಕ್ಕೆ ಐವರ್‌ಮೆಕ್ಟಿನ್ ಔಷಧಿ ಕೊಡುವ ವಿಷಯದಲ್ಲಿ ಹೀಗೇ ಆಯಿತು. 2020ರ ನವೆಂಬರ್‌ನಲ್ಲಿ ರಿಸರ್ಚ್ ಸ್ಕ್ವೇರ್ ತಾಣಕ್ಕೆ ಬಂದ ಈಜಿಪ್ಟಿನ ಒಂದು ಪ್ರಿಪ್ರಿಂಟ್ ಈ ಔಷಧಿಯಿಂದ ಭಾರಿ ಲಾಭ ಅಂತ ಹೇಳಿತ್ತು. ದತ್ತಾಂಶದ ಬಗ್ಗೆ ಗಂಭೀರ ಅನುಮಾನ ಎದ್ದು 2021ರ ಜುಲೈನಲ್ಲಿ ತಾಣ ಅದನ್ನು ಹಿಂತೆಗೆಯಿತು. ಅಷ್ಟರಲ್ಲಿ ಅದು ಮೆಟಾ ಅನಾಲಿಸಿಸ್‌ಗಳ ಒಳಗೆ ಸೇರಿಹೋಗಿತ್ತು. ಸಾವು ಕಡಿಮೆಯಾಗುತ್ತದೆ ಅಂದಿದ್ದ ಒಂದು ತಂಡ, ಅನುಮಾನದ ಅಧ್ಯಯನಗಳನ್ನು ತೆಗೆದು ಮತ್ತೆ ಲೆಕ್ಕ ಹಾಕಿದಾಗ ಆ ಲಾಭ ಉಳಿಯಲಿಲ್ಲ.

ಇದನ್ನು ಪತ್ತೆ ಹಚ್ಚಲು ಮೆಟಾ ಅನಾಲಿಸಿಸ್‌ನಲ್ಲಿ ಸಾಲುಸಾಲು ಚೌಕಗಳಿರುವ ಚಿತ್ರವನ್ನು ತೆರೆಯಿರಿ. ಒಂದೊಂದು ಸಾಲು ಒಂದೊಂದು ಅಧ್ಯಯನ. ಚೌಕ ದೊಡ್ಡದಿದ್ದಷ್ಟೂ ಒಟ್ಟು ಉತ್ತರದಲ್ಲಿ ಅದರ ತೂಕ ಹೆಚ್ಚು. ದೊಡ್ಡ ಚೌಕದ ಅಧ್ಯಯನದ ಹೆಸರನ್ನು ಉಲ್ಲೇಖಗಳ ಪಟ್ಟಿಯಲ್ಲಿ ಹುಡುಕಿ. ಅದು ಪ್ರಿಪ್ರಿಂಟ್ ಆಗಿದ್ದರೆ ಅದರ ಪುಟಕ್ಕೇ ಹೋಗಿ `Withdrawn` ಅಂತ ಬಂದಿದೆಯೇ ನೋಡಿ. ಆಮೇಲೆ, ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಉತ್ತರ ಏನಾಗುತ್ತದೆ ಅಂತ ಲೇಖಕರು ಎಲ್ಲಾದರೂ ಕೊಟ್ಟಿದ್ದಾರಾ ಹುಡುಕಿ. ಕೊಟ್ಟಿಲ್ಲವಾದರೆ ಆ ಮೆಟಾ ಅನಾಲಿಸಿಸ್‌ಗೂ ಒಂದು ಪ್ರಿಪ್ರಿಂಟಿಗೆ ಕೊಡುವಷ್ಟೇ ತೂಕ ಕೊಡಿ.