ಸೂಚಿಯ ಕೊನೆಯ ಪುಟದಲ್ಲಿ ಸಿಕ್ಕ ಹೆಸರು: ಹಳೆಯ ರಷ್ಯನ್ ಕಾಗುಣಿತವನ್ನು ಓದಿದ ನನ್ನ ಅನುಭವ

ನನ್ನ ಹೆಂಡತಿ ರಷ್ಯಾದವಳು. ಅತ್ತೆಯವರು ತೀರಿಕೊಂಡ ಮೇಲೆ ಅವರ ಕಾಗದಗಳ ನಡುವೆ 1887ರ ಚರ್ಚ್ ದಾಖಲೆ ಪುಸ್ತಕದ ಎರಡು ಪುಟಗಳ ನಕಲು ಸಿಕ್ಕಿತು. ಅದರಲ್ಲಿ ಅತ್ತೆಯವರ ಅಜ್ಜಿಯ ಜನನದ ನಮೂದು ಇದೆಯೆಂದು ಮನೆಯಲ್ಲಿ ಎಲ್ಲರೂ ನಂಬಿದ್ದರು, ಆದರೆ ಅದನ್ನು ಪೂರ್ತಿಯಾಗಿ ಓದಿದವರು ಯಾರೂ ಇರಲಿಲ್ಲ. ರಷ್ಯನ್ ಭಾಷೆಯಲ್ಲೇ ಓದಿ ಪದವಿ ಪಡೆದ ನನಗೆ ಅದು ಒಂದು ಸಂಜೆಯ ಕೆಲಸವೆಂದು ತೋರಿತ್ತು; ಕೊನೆಗೆ ಎರಡು ತಿಂಗಳು ಹಿಡಿಯಿತು. ಇಲ್ಲಿ ಮನೆತನದ ಹೆಸರುಗಳನ್ನು ಬದಲಿಸಿದ್ದೇನೆ, ಆದರೆ ಅಕ್ಷರಗಳ ತೊಡಕುಗಳನ್ನು ಇದ್ದಂತೆಯೇ ಉಳಿಸಿದ್ದೇನೆ.

1918ರ ಸುಧಾರಣೆಯಲ್ಲಿ ѣ (ಯಾತ್), і (ಚುಕ್ಕಿಯಿರುವ ಇ) ಮತ್ತು ѳ (ಫಿತಾ) ಎಂಬ ಮೂರು ಅಕ್ಷರಗಳನ್ನು ಕೈಬಿಟ್ಟು, ಅವುಗಳ ಸ್ಥಾನದಲ್ಲಿ ಕ್ರಮವಾಗಿ е, и, ф ಬರೆಯುವಂತೆ ಮಾಡಲಾಯಿತು. ನಾಲ್ಕನೆಯದಾದ ѵ ಆ ಹೊತ್ತಿಗಾಗಲೇ ಬಳಕೆ ತಪ್ಪಿತ್ತು. ನನ್ನ ಪುಟಗಳಲ್ಲಿ ಅದು ಒಮ್ಮೆಯೂ ಬರಲಿಲ್ಲ. ಕನ್ನಡದ ಱ ಮತ್ತು ೞ ಶತಮಾನಗಳಲ್ಲಿ ತಾವಾಗಿಯೇ ಸವೆದುಹೋದವು. ರಷ್ಯನ್‌ನಲ್ಲಿ ಬದಲಾವಣೆ ಆದೇಶದ ಮೂಲಕ ಬಂದುದರಿಂದ ಒಂದೇ ಮನೆಯ ಅಜ್ಜಿ ಒಂದು ಕಾಗುಣಿತವನ್ನೂ ಮೊಮ್ಮಗಳು ಇನ್ನೊಂದನ್ನೂ ಶಾಲೆಯಲ್ಲಿ ಕಲಿತರು.

ಕಣ್ಣಿಗೆ ಹೆಚ್ಚು ಬೀಳುವುದು ಪದಾಂತ್ಯದ ъ, ಎಂದರೆ ಗಡಸು ಚಿಹ್ನೆ. ವ್ಯಂಜನದಲ್ಲಿ ಮುಗಿಯುವ ಪದದ ಕೊನೆಗೆ, ಆ ವ್ಯಂಜನ ಮೃದುವಲ್ಲದಿದ್ದರೆ, ಇದನ್ನು ಬರೆಯಲೇಬೇಕಿತ್ತು. ಅದಕ್ಕೆ ತನ್ನದೇ ಉಚ್ಚಾರವಿಲ್ಲ. ಕನ್ನಡದಲ್ಲಿ ‘ಮಹಾನ್’ ಎಂದು ಬರೆಯುವಾಗ ನಕಾರದ ಮೇಲೆ ಹಾಕುವ ಅರ್ಧಾಕ್ಷರದ ಗುರುತಿನಂತೆ ಇದನ್ನು ಭಾವಿಸಬಹುದು. ಮೊದಮೊದಲು ನಾನು ಇದನ್ನು ಅಡ್ಡಿಯೆಂದು ತಿಳಿದು ಓದುವಾಗಲೇ ಬಿಟ್ಟುಬಿಡುತ್ತಿದ್ದೆ. ಅದು ತಪ್ಪು. ಬರೆದವರು ಪದಗಳ ನಡುವೆ ಜಾಗ ಬಿಡದೆ ಒಂದೇ ಓಟದಲ್ಲಿ ಸಾಲು ಮುಗಿಸಿದ ಕಡೆಗಳಲ್ಲಿ, ಒಂದು ಪದ ಎಲ್ಲಿ ಮುಗಿಯಿತೆಂದು ಹೇಳುವುದು ಬಹುಪಾಲು ಈ ಚಿಹ್ನೆಯೇ.

ಕೈಬರಹವನ್ನು ಬಿಡಿಸಲು ನನಗೆ ಬೀಗದ ಕೈಯಾಗಿ ಒದಗಿದ್ದು ಪ್ರತಿ ನಮೂದಿನಲ್ಲೂ ಮರಳಿ ಬರುವ ಒಂದು ವಾಕ್ಯಭಾಗ. ತಂದೆತಾಯಿಯರ ಹೆಸರಾದ ಮೇಲೆ оба православнаго вѣроисповѣданія, ಅಂದರೆ ‘ಇಬ್ಬರೂ ಆರ್ಥೊಡಾಕ್ಸ್ ಮತದವರು’ ಎಂದು ಬರೆಯುವುದು ವಾಡಿಕೆ. ಇದರಲ್ಲಿ ಯಾತ್ ಎರಡು ಬಾರಿ, ಚುಕ್ಕಿಯ і ಒಂದು ಬಾರಿ ಬರುತ್ತದೆ; ಈಗ -ого ಎಂದಾಗಿರುವ ಪ್ರತ್ಯಯದ ಹಳೆಯ ರೂಪ -аго ಕೂಡ ಇದೆ. ಅದೇ ವೇರೊಇಸ್ಪೊವೆದಾನಿಯೆ ಎಂಬ ಪದ ಅಂಕಣದ ಮುದ್ರಿತ ತಲೆಬರಹದಲ್ಲೂ ಇರುತ್ತದೆ. ನಾನು ಮುದ್ರಿತ ಪದವನ್ನು ಒಂದು ಹಾಳೆಯಲ್ಲಿ ಅಕ್ಷರ ಬಿಡಿಸಿ ಬರೆದು, ಅದರ ಕೆಳಗೆ ಆ ಪುಟದ ಬರಹಗಾರ ಅದೇ ಅಕ್ಷರಗಳನ್ನು ಬರೆದ ಬಗೆಯನ್ನು ನೋಡಿ ನೋಡಿ ತಿದ್ದಿದೆ. ಅವನ ಯಾತ್ ಮುದ್ರಿತ ರೂಪದಂತೆ ಅಡ್ಡಗೆರೆಯ ಶಿಲುಬೆಯಾಗಿರಲಿಲ್ಲ. ಮೊದಲು ಮೇಲೇರಿ ಬಾಗುವ ಒಂದು ಕೊಕ್ಕೆ, ಅದಕ್ಕೆ ಅಂಟಿಕೊಂಡು ь ಆಕಾರದ ಪುಟ್ಟ ಹೊಟ್ಟೆ, ಒಟ್ಟಿನಲ್ಲಿ ಎರಡು ಅಕ್ಷರಗಳಂತೆ ಕಾಣುತ್ತಿತ್ತು. ಈ ಹಾಳೆ ಸಿದ್ಧವಾಗುವ ತನಕ ಹೆಸರುಗಳ ತಂಟೆಗೆ ಹೋಗಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ. ವಾಕ್ಯದ ಅರ್ಥ ಗೊತ್ತಿರುವ ಕಡೆ ಅಕ್ಷರವನ್ನು ಕಲಿಯಬಹುದು, ಹೆಸರಿನಲ್ಲಿ ಆ ಆಸರೆ ಇರುವುದಿಲ್ಲ.

ನಾನು ಎಡವಿದ್ದೂ ಹೆಸರಿನಲ್ಲಿಯೇ. ಮನೆತನದ ಹೆಸರು ಫೊಮಿನ್. ಈಗಿನ ಬರಹದಲ್ಲಿ Фомин. ನಕಲಿನಲ್ಲಿ ф ಎಂಬ ಅಕ್ಷರಕ್ಕಾಗಿ ಎಷ್ಟು ಹುಡುಕಿದರೂ ಅದು ಕಾಣಲಿಲ್ಲ. ಒಂದು ಸಾಲಿನಲ್ಲಿ Матвѣй Ивановъ ಎಂದಾದ ಮೇಲೆ ‘ಓಓಮಿನ್’ ಎಂದು ಓದುವಂಥ ಒಂದು ಪದವಿತ್ತು. ಅಂಥ ಹೆಸರು ಇರಲಾರದು ಎಂದುಕೊಂಡು, ಪುಟವೇ ಬೇರೆ ಮನೆಯದ್ದೆಂದು ಬದಿಗಿಟ್ಟೆ. ವಾರದ ಮೇಲೆ ಅದೇ ಸಾಲಿನಲ್ಲಿ ಆ ಮತ್ವೆಯ್‌ನ ಹೆಂಡತಿಯ ಹೆಸರು ‘ಮಾರ್ಓಆ’ ಎಂಬಂತೆ ಕಂಡಾಗ ಸಂಶಯ ಬಂತು. ಅದು Марѳа, ಅಂದರೆ ಮಾರ್ಫಾ ಅಲ್ಲದೆ ಬೇರೆ ಆಗಲು ಸಾಧ್ಯವಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಎರಡು ಕಡೆಯೂ ದುಂಡಗಿನ ಅಕ್ಷರದ ನಡುವೆ ಮಾಸಿದ ಅಡ್ಡಗೆರೆಯೊಂದಿತ್ತು. ಪದ Ѳоминъ ಆಗಿತ್ತು. ಗ್ರೀಕ್‌ನ ಥೀಟಾ ಅಕ್ಷರದಿಂದ ಬಂದ ಹೆಸರುಗಳಿಗೆ ಫಿತಾ ಬಳಸುತ್ತಿದ್ದರು: ಫೊಮಾ (ನಮ್ಮ ತೋಮ), ಫ್ಯೋದರ್, ಮಾರ್ಫಾ, ತಿಮೊಫೆಯ್, ಅಫನಾಸಿ. ಫಿಲಿಪ್, ಸೋಫಿಯಾ, ನಿಕಿಫೊರ್ ಮುಂತಾದವುಗಳಿಗೆ ಫಿತಾ ಇಲ್ಲ, ф ಇದೆ. ಈ ಎರಡು ಪಟ್ಟಿಗಳನ್ನು ಬಾಯಿಪಾಠ ಮಾಡಿಕೊಂಡರೆ ಓದು ಬಹಳ ಹಗುರವಾಗುತ್ತದೆ.

ಆಮೇಲೆ ಇತರ ವರ್ಷಗಳ ನಮೂದುಗಳನ್ನು ಹುಡುಕಲು, ಒಂದು ಸಂಪುಟದ ಕೊನೆಗೆ ಹೊಲಿದಿದ್ದ ವರ್ಣಾನುಕ್ರಮದ ಸೂಚಿಯನ್ನು ತರಿಸಿಕೊಂಡೆ. ф ವಿಭಾಗದಲ್ಲಿ ಫೊಮಿನ್ ಇರಲಿಲ್ಲ. ಹಳೆಯ ವರ್ಣಮಾಲೆಯಲ್ಲಿ ಫಿತಾದ ಸ್ಥಾನ ф ಬಳಿಯಲ್ಲಲ್ಲ. Я ಆದ ಮೇಲೆ, ಕಟ್ಟಕಡೆಯಲ್ಲಿ, ѵ ಗಿಂತ ಒಂದು ಹೆಜ್ಜೆ ಮುಂಚೆ. ಸೂಚಿಯ ಕೊನೆಯ ಪುಟವನ್ನು ತೆರೆದಾಗ ನಮ್ಮ ಮನೆತನದ ಐದು ನಮೂದುಗಳು ಒಂದರ ಕೆಳಗೊಂದು ನಿಂತಿದ್ದವು. ಅದನ್ನು ಓದಿ ಹೇಳಿದಾಗ ನನ್ನ ಹೆಂಡತಿಯ ಕಣ್ಣು ತುಂಬಿ ಬಂತು.

ಇನ್ನೊಂದು ತಪ್ಪು ನನ್ನನ್ನು ಹೆಚ್ಚು ಕಾಡಿತು, ಏಕೆಂದರೆ ಅದರಿಂದ ವಂಶವೃಕ್ಷದಲ್ಲಿ ಇಲ್ಲದ ಹೆಣ್ಣುಮಗಳೊಬ್ಬಳು ಹುಟ್ಟಿಕೊಂಡಿದ್ದಳು. ದೀಕ್ಷಾಸ್ನಾನಕ್ಕೆ ಸಾಕ್ಷಿಯಾಗಿ ನಿಲ್ಲುವ, ಮಗುವಿನ ಜ್ಞಾನ ತಂದೆತಾಯಿಯರ ಅಂಕಣದಲ್ಲಿ крестьянина Ивана Ѳомина дочь Марія ಎಂದಿತ್ತು. ಕೊನೆಯ а ನೋಡಿ ‘ಫೊಮಿನಾ’ ಎಂಬ ಹೆಂಗಸು ಎಂದು ಬರೆದುಕೊಂಡೆ. ಆದರೆ ಇದು ಷಷ್ಠೀ ವಿಭಕ್ತಿ: ‘ರೈತ ಇವಾನ್ ಫೊಮಿನ್‌ನ ಮಗಳು ಮರಿಯಾ’. ಇವಾನ್ ತಾನೇ ಸಾಕ್ಷಿಯಾಗಿದ್ದರೆ ಮೂರು ಪದಗಳೂ ъ ದಿಂದ ಮುಗಿದು крестьянинъ Иванъ Ѳоминъ ಎಂದಿರುತ್ತಿತ್ತು. ಅಂದಿನಿಂದ ಇವಾನ್, ಫೊಮಿನ್‌ಗಳಂತೆ ವ್ಯಂಜನದಲ್ಲಿ ಮುಗಿಯುವ ಪ್ರತಿ ಗಂಡಸಿನ ಹೆಸರಿಗೂ ಕೊನೆಯಲ್ಲಿ ъ ಇದೆಯೋ а ಇದೆಯೋ ಎಂದು ಮೊದಲು ನೋಡುತ್ತೇನೆ. Ъ ಇದ್ದರೆ ಅವನೇ ಅಲ್ಲಿ ಹಾಜರಿದ್ದಾನೆ, а ಇದ್ದರೆ ಅವನಿಗೆ ಸೇರಿದ ಯಾರೋ ಇದ್ದಾರೆ. ಮೊದಲು ಹೇಳಿದ ಮತ್ವೆಯ್‌ನ ಸಾಲಿನಿಂದ ತಿಳಿಯುವ ಇನ್ನೊಂದು ಮಾತಿದೆ. Матвѣй Ивановъ Ѳоминъ ಎಂಬಲ್ಲಿ ‘ಇವಾನೊವ್’ ಮನೆತನದ ಹೆಸರಲ್ಲ, ‘ಇವಾನನ ಮಗ’ ಎಂದರ್ಥ. ರೈತರಿಗೆ ತಂದೆಯ ಹೆಸರನ್ನು ಈಗಿನಂತೆ ‘ಇವಾನೊವಿಚ್’ ಎಂದಲ್ಲ, ಹೀಗೆ ಮೊಟಕಾಗಿ ಬರೆಯುವುದು ಸಾಮಾನ್ಯವಾಗಿತ್ತು. ಮನೆತನದ ಹೆಸರೇ ಇಲ್ಲದ ನಮೂದುಗಳಲ್ಲಿ ಇದನ್ನೇ ಮನೆತನವೆಂದು ತಿಳಿದರೆ ಪ್ರತಿ ತಲೆಮಾರಿಗೂ ಹೊಸ ಮನೆತನ ಹುಟ್ಟುತ್ತದೆ.

ಈ ತಪ್ಪುಗಳಾದ ಮೇಲೆ ನನ್ನ ಟಿಪ್ಪಣಿಯ ಕ್ರಮ ಬದಲಾಯಿತು. ಪ್ರತಿ ನಮೂದಿಗೆ ಮೂರು ಸಾಲು: ಮೊದಲನೆಯದರಲ್ಲಿ ಪುಟದಲ್ಲಿ ಇದ್ದ ಹಾಗೆಯೇ ಹಳೆಯ ಅಕ್ಷರಗಳು, ಎರಡನೆಯದರಲ್ಲಿ ಈಗಿನ ಕಾಗುಣಿತ, ಮೂರನೆಯದರಲ್ಲಿ ಕನ್ನಡದ ಅರ್ಥ. ಮೊದಲ ಸಾಲಿನಲ್ಲಿ ಏನನ್ನೂ ತಿದ್ದುವುದಿಲ್ಲ. ನನ್ನ ಬರಹಗಾರ ಒಂದು ಪುಟದಲ್ಲಿ Алексѣй ಎಂದು ಸರಿಯಾಗಿ ಯಾತ್ ಹಾಕಿ, ಮುಂದಿನ ಪುಟದಲ್ಲಿ ಅದೇ ಮನುಷ್ಯನಿಗೆ ಸಾದಾ е ಬರೆದಿದ್ದಾನೆ. ಉಚ್ಚಾರದಲ್ಲಿ ಎರಡಕ್ಕೂ ಭೇದ ಉಳಿದಿರಲಿಲ್ಲವಾದ್ದರಿಂದ ಇಂಥ ವ್ಯತ್ಯಾಸದ ಮೇಲೆ ಇಬ್ಬರು ವ್ಯಕ್ತಿಗಳನ್ನು ಕಲ್ಪಿಸಬಾರದು. ಕಂಪ್ಯೂಟರಿನಲ್ಲಿ ಬರೆಯುವಾಗ ಚುಕ್ಕಿಯ і ಗೆ ಇಂಗ್ಲಿಷ್ i ಒತ್ತಿದ್ದರಿಂದ, ನಾನೇ ಬರೆದ ‘ಮರಿಯಾ’ ಹುಡುಕಾಟದಲ್ಲಿ ನನಗೇ ಸಿಗದೆ ಹೋದದ್ದೂ ಉಂಟು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಈಗ ಉಕ್ರೇನಿಯನ್ ಕೀಲಿಮಣೆಯಿಂದ і ತೆಗೆದುಕೊಂಡು, ѣ ಮತ್ತು ѳ ಗಳನ್ನು ಟಿಪ್ಪಣಿಯ ತಲೆಯಲ್ಲೇ ಬರೆದಿಟ್ಟು ಅಲ್ಲಿಂದ ನಕಲು ಮಾಡುತ್ತೇನೆ.

ನಮೂದಿನಲ್ಲಿ ಹಳ್ಳಿಯ ಹೆಸರಿನ ನಡುವಣ ಎರಡು ಅಕ್ಷರಗಳ ಮೇಲೆ ಶಾಯಿ ಹರಡಿದೆ, ಅವನ್ನು ಊಹಿಸಿ ತುಂಬಿಲ್ಲ. ಚರ್ಚ್ ಪುಸ್ತಕವನ್ನು ಎರಡು ಪ್ರತಿಗಳಲ್ಲಿ ಬರೆದು ಒಂದನ್ನು ಧರ್ಮಪ್ರಾಂತ್ಯದ ಕಚೇರಿಗೆ ಕಳುಹಿಸುತ್ತಿದ್ದರು. ಆ ಎರಡನೆಯ ಪ್ರತಿಯ ಅದೇ ಪುಟಕ್ಕಾಗಿ ದಾಖಲೆ ಭಂಡಾರಕ್ಕೆ ಪತ್ರ ಬರೆದಿದ್ದೇನೆ.