ಮುಗಿದ ಕೆಲಸದಿಂದ ಮುಂದಿನ ಕೆಲಸ: ಇಂಟೀರಿಯರ್ ಕೇಸ್ ಸ್ಟಡಿ ಬರೆಯುವುದು ಹೇಗೆ?

ಇಂಟೀರಿಯರ್ ಕಂಪನಿಗಳ ಹಳೆಯ ಕೆಲಸಗಳ ಪುಟ ತೆರೆದರೆ ಸಾಮಾನ್ಯವಾಗಿ ಕಾಣುವುದು ಹತ್ತು ಚಂದದ ಫೋಟೊ, ಕೆಳಗೆ ಎರಡು ಸಾಲು: ‘ಆಧುನಿಕ ಶೈಲಿಯ ಅಡುಗೆಮನೆ. ಹಗುರ ಬಣ್ಣ, ಬೆಚ್ಚನೆಯ ಬೆಳಕು.’ ನೋಡಿದವರು ಚೆನ್ನಾಗಿದೆ ಅಂದುಕೊಂಡು ಮುಂದೆ ಹೋಗುತ್ತಾರೆ. ಅವರ ತಲೆಯಲ್ಲಿರುವ ಪ್ರಶ್ನೆಯೇ ಬೇರೆ. ನಮ್ಮ ಇಕ್ಕಟ್ಟಿನ ಮನೆ ಕೊಟ್ಟರೆ ಇವರು ಏನು ಮಾಡುತ್ತಾರೆ? ನಾವು ಕೇಳಿದ್ದು ಆಗುವುದಿಲ್ಲ ಅಂತಾದರೆ ಬಾಯಿಬಿಟ್ಟು ಹೇಳುತ್ತಾರಾ? ಇದಕ್ಕೆ ಫೋಟೊ ಉತ್ತರ ಕೊಡುವುದಿಲ್ಲ. ಒಂದು ಕೆಲಸ ಶುರುವಿನಿಂದ ಕೊನೆಯವರೆಗೆ ಹೇಗೆ ನಡೆಯಿತು ಅಂತ ಹೇಳುವ ಕೇಸ್ ಸ್ಟಡಿ ಕೊಡಬೇಕು.

ಮೊದಲು ಯಾವ ಕೆಲಸದ ಬಗ್ಗೆ ಬರೆಯುವುದು ಅಂತ ತೀರ್ಮಾನಿಸಿ. ಎಲ್ಲಕ್ಕಿಂತ ಚಂದ ಬಂದದ್ದನ್ನು ಆರಿಸುವುದು ಸಹಜ. ಆದರೆ ಮುಂದೆ ಎಂಥವರು ಬರಬೇಕು ಅಂತ ಆಸೆಯಿದೆಯೋ ಅಂಥವರ ಕೆಲಸವನ್ನೇ ಆರಿಸಿ. ಸಣ್ಣ ಮನೆಗಳ ಕೆಲಸ ಬೇಕಿದ್ದರೆ ದೊಡ್ಡ ಬಂಗಲೆಯ ಕಥೆ ಬರೆದು ಉಪಯೋಗವಿಲ್ಲ. ಅದನ್ನು ಓದಿದವರು ‘ಇವರು ನಮ್ಮಂಥವರಿಗಲ್ಲ’ ಅಂದುಕೊಂಡು ಫೋನೇ ಮಾಡುವುದಿಲ್ಲ.

ಆಮೇಲೆ ಒಪ್ಪಿಗೆ. ಮನೆಯವರಿಂದ ಬರವಣಿಗೆಯಲ್ಲೇ ಪಡೆಯಿರಿ. ಫೋಟೊ, ಹೆಸರು, ಖರ್ಚು, ಮನೆ ಇರುವ ಜಾಗ ಈ ನಾಲ್ಕನ್ನೂ ಬೇರೆ ಬೇರೆಯಾಗಿ ಕೇಳಿ. ಫೋಟೊಗೆ ಸರಿ ಅಂದವರು ಖರ್ಚು ಹೇಳಲು ಬೇಡ ಅನ್ನಬಹುದು. ಫೋಟೊ ತೆಗೆದವರು ಹೊರಗಿನವರಾದರೆ ಅವರ ಜೊತೆಗಿನ ಒಪ್ಪಂದವನ್ನೂ ಒಮ್ಮೆ ನೋಡಿ. ಹಣ ಕೊಟ್ಟ ಮಾತ್ರಕ್ಕೆ ಎಲ್ಲ ಹಕ್ಕೂ ನಿಮ್ಮದಾಗುತ್ತದೆ ಎಂದೇನಿಲ್ಲ.

ಕಡತದಲ್ಲಿ ಏನು ಹುಡುಕಬೇಕು?

ನೆನಪಿನಿಂದ ಬರೆಯಬೇಡಿ. ಮೊದಲ ಭೇಟಿಯ ಟಿಪ್ಪಣಿ, ಸೈಟ್ ಅಳತೆ, ಬಿಟ್ಟುಬಿಟ್ಟ ಡ್ರಾಯಿಂಗ್‌ಗಳು, ನಡುವೆ ಬದಲಾದ ವಿಷಯಗಳ ಪಟ್ಟಿ, ಕೀಲಿ ಕೊಡುವ ದಿನ ಬರೆದ ಸಣ್ಣಪುಟ್ಟ ದೋಷಗಳ ಪಟ್ಟಿ ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಳ್ಳಿ. ಇವುಗಳಲ್ಲಿ ಬಂಗಾರ ಇರುವುದು ಬಿಟ್ಟುಬಿಟ್ಟ ಡ್ರಾಯಿಂಗ್‌ಗಳಲ್ಲಿ. ಯಾವುದನ್ನು ಯಾಕೆ ಕೈಬಿಟ್ಟಿರಿ ಅನ್ನುವುದರಲ್ಲೇ ನಿಮ್ಮ ಯೋಚನೆ ಕಾಣುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡೋಣ. 7 ಅಡಿ ಅಗಲ, 10 ಅಡಿ ಉದ್ದದ ಅಡುಗೆಮನೆ. ಎರಡೂ ಬದಿಗೆ 24 ಇಂಚಿನ ಕಟ್ಟೆ. ಅಗಲ ಒಟ್ಟು 84 ಇಂಚು, ಅಂದರೆ ನಡುವೆ ಉಳಿಯುವುದು 36 ಇಂಚು. ಫ್ರಿಜ್ ಇಟ್ಟ ಕಡೆ ಅದರ ಆಳ 30 ಇಂಚು, ಹಾಗಾಗಿ ಅಲ್ಲಿ ಓಡಾಡಲು ಬರೀ 30 ಇಂಚು. ಒಬ್ಬರು ಫ್ರಿಜ್ ಬಾಗಿಲು ತೆಗೆದರೆ ಇನ್ನೊಬ್ಬರು ಹೊರಗೆ ಹೋಗಿ ನಿಲ್ಲಬೇಕು. ಮನೆಯವರು ಕೇಳಿದ್ದು, ‘ಗೋಡೆ ಒಡೆದು ಹಾಲ್‌ಗೆ ಸೇರಿಸಿ.’ ಎಂಜಿನಿಯರ್ ನೋಡಿ, ತೊಲೆಯ ಭಾರ ಆ ಗೋಡೆಯ ಮೇಲಿದೆ, ಮುಟ್ಟುವ ಹಾಗಿಲ್ಲ ಅಂದರು.

ಉಳಿದದ್ದು ಎರಡು ದಾರಿ. ಒಂದು ಬದಿಯ ಕಟ್ಟೆ ಪೂರ್ತಿ ತೆಗೆದರೆ 60 ಇಂಚು ಜಾಗ ಸಿಗುತ್ತಿತ್ತು, ಆದರೆ ತರಕಾರಿ ಹೆಚ್ಚಲೂ ಜಾಗ ಸಾಲುತ್ತಿರಲಿಲ್ಲ. ಇನ್ನೊಂದು, ಆ ಬದಿಗೆ ಕಟ್ಟೆಯ ಬದಲು ನೆಲದಿಂದ ಮೇಲಿನವರೆಗೆ 16 ಇಂಚು ಆಳದ ಕಪಾಟು ಮಾಡಿ, ಅದರ ನಡುವೆ ಒಂದು ಉದ್ದನೆಯ ತೆರೆದ ಹಲಗೆ ಬಿಟ್ಟು, ಫ್ರಿಜ್ಜನ್ನು ಬಾಗಿಲಾಚೆಯ ಮೂಲೆಗೆ ಸಾಗಿಸುವುದು. ಆಗ ನಡುವೆ 44 ಇಂಚು. ಒಬ್ಬರು ಒಲೆಯ ಮುಂದೆ ನಿಂತಿದ್ದರೂ ಇನ್ನೊಬ್ಬರು ಹಿಂದಿನಿಂದ ಹಾದುಹೋಗಬಹುದು. ಎರಡನೆಯದನ್ನೇ ಮಾಡಿದರು.

ಇದನ್ನು ಬರೆಯುವಾಗ ಹೆಚ್ಚಿನವರು ‘ಜಾಗದ ಸಮರ್ಥ ಬಳಕೆ’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅಯ್ಯೋ ಅನಿಸುತ್ತದೆ! ಓದುವವರಿಗೆ ಬೇಕಿದ್ದದ್ದೇ ಆ 36, 60, 44ರ ಲೆಕ್ಕ. ಒಂದು ಚಿಕ್ಕ ಪ್ಲಾನ್ ಚಿತ್ರ ಹಾಕಿ, ಹೀಗೆ ಬರೆಯಿರಿ: ‘ಗೋಡೆ ಒಡೆಯಲಾಗದು ಅಂತ ಗೊತ್ತಾದ ಮೇಲೆ ಎರಡು ಯೋಜನೆ ತೋರಿಸಿದೆವು. ಒಂದು ಬದಿ ಖಾಲಿ ಬಿಟ್ಟರೆ ಓಡಾಟ ಸಲೀಸು, ಕೆಲಸದ ಜಾಗ ಅರ್ಧ. ಆಳ ಕಡಿಮೆ ಮಾಡಿದರೆ ಎರಡೂ ಒಂದು ಮಟ್ಟಿಗೆ ಸಿಗುತ್ತವೆ.’ ಇಲ್ಲಿ ಹೊಗಳಿಕೆಯ ಮಾತು ಒಂದೂ ಇಲ್ಲ. ಆದರೂ ಕೆಲಸ ಗೊತ್ತಿರುವವರು ಅಂತ ಅನಿಸುತ್ತದೆ, ಅಲ್ವಾ?

ಮನೆಯವರ ಮಾತು

ಕೀಲಿ ಕೊಟ್ಟ ದಿನ ಅಭಿಪ್ರಾಯ ಕೇಳಬೇಡಿ. ಹೊಸ ಬಣ್ಣದ ವಾಸನೆಯಲ್ಲಿ ಎಲ್ಲರಿಗೂ ಎಲ್ಲವೂ ಚಂದ. ಮೂರು ನಾಲ್ಕು ತಿಂಗಳು ಬಿಟ್ಟು ಹೋಗಿ. ‘ಖುಷಿಯಾಗಿದ್ದೀರಾ?’ ಅಂದರೆ ಹೂಂ ಅನ್ನುತ್ತಾರೆ, ಅಷ್ಟೇ. ಬದಲಿಗೆ ‘ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದಾಗ ಮೊದಲು ಏನು ಮಾಡುತ್ತೀರಿ? ಹಿಂದೆ ಹೇಗಿತ್ತು?’ ಅಂತ ಕೇಳಿ. ‘ಈಗಲೂ ಯಾವುದು ತೊಂದರೆ ಕೊಡುತ್ತಿದೆ?’ ಅಂತಲೂ ಕೇಳಿ. ನಮ್ಮ ಉದಾಹರಣೆಯ ಮನೆಯವರು, ದೊಡ್ಡ ಪಾತ್ರೆಗಳು ಹೊಸ ಕಪಾಟಿನಲ್ಲಿ ಹಿಡಿಸುವುದಿಲ್ಲ, ಕಟ್ಟೆಯ ಕೆಳಗಿಂದ ಬಗ್ಗಿ ತೆಗೆಯಬೇಕು ಅನ್ನಬಹುದು. ನಿಜವೇ. ಹೊರಗಿನಿಂದ 16 ಇಂಚು ಅಂದರೆ ಒಳಗೆ ಅದಕ್ಕಿಂತ ಕಡಿಮೆ.

ಈ ಮಾತನ್ನು ಕೇಸ್ ಸ್ಟಡಿಯಲ್ಲಿ ಹಾಕಬೇಕಾ? ಹಾಕಿ. ಕೊರತೆ ಯಾವುದು, ಅದನ್ನು ಮೊದಲೇ ಹೇಳಿದ್ದಿರಾ, ಏನು ಪರಿಹಾರ ಮಾಡಿದಿರಿ ಅಂತ ಎರಡು ಮೂರು ಸಾಲು ಸಾಕು. ತಡವಾದದ್ದನ್ನೂ ಬರೆಯಬಹುದು. ಗೋಡೆಯ ಪ್ಲಾಸ್ಟರ್ ಆಗುವ ಮೊದಲೇ ಅಳತೆ ಕೊಟ್ಟು ಕಪಾಟಿನ ಬಾಗಿಲು ಮಾಡಿಸಿದರೆ, ಎರಡೂ ಕಡೆ ಅರ್ಧ ಅರ್ಧ ಇಂಚು ಪ್ಲಾಸ್ಟರ್ ಸೇರಿ ಬಾಗಿಲುಗಳು ಕೂರುವುದಿಲ್ಲ. ಹೀಗಾಗಿ ಎರಡು ವಾರ ತಡವಾಯಿತು, ಮತ್ತೆ ಮಾಡಿಸಿದ ಖರ್ಚು ಕಂಪನಿಯದೇ, ಈಗ ಪ್ಲಾಸ್ಟರ್ ಒಣಗಿದ ಮೇಲೆ ಕೊನೆಯ ಅಳತೆ ಅಂತ ಬರೆದರೆ ಯಾರೂ ಓಡಿಹೋಗುವುದಿಲ್ಲ. ಆದರೆ ಖರ್ಚು ನಿಜವಾಗಿಯೂ ನೀವು ಹಾಕಿಕೊಂಡಿದ್ದರೆ ಮಾತ್ರ ಹಾಗೆ ಬರೆಯಿರಿ. ಆ ಮನೆಯವರೂ ಅದನ್ನು ಓದುತ್ತಾರೆ.

ಫೋಟೊ ಮತ್ತು ತಲೆಬರಹ

‘ಮೊದಲು’, ‘ಆಮೇಲೆ’ ಫೋಟೊಗಳು ಒಂದೇ ಜಾಗದಿಂದ, ಒಂದೇ ಎತ್ತರದಿಂದ ಬರಬೇಕು. ಹಾಗಾಗಿ ಕೆಲಸ ಶುರುವಾಗುವ ಮೊದಲೇ ಎಲ್ಲಿ ನಿಂತು ತೆಗೆದಿರಿ ಅಂತ ಪ್ಲಾನ್ ಮೇಲೆ ಗುರುತು ಹಾಕಿಡಿ. ಹಳೆಯ ಫೋಟೊ ಕತ್ತಲಲ್ಲಿ, ಹೊಸದು ವೈಡ್ ಲೆನ್ಸ್‌ನಲ್ಲಿ ಇದ್ದರೆ ಓದುಗರಿಗೆ ಅನುಮಾನ ಬಂದೇ ಬರುತ್ತದೆ. ವೈಡ್ ಲೆನ್ಸ್ ಕೋಣೆಯನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ. ಮನೆ ನೋಡಲು ಬಂದವರು ಅದನ್ನು ಬಾಗಿಲಲ್ಲೇ ಕಂಡುಹಿಡಿಯುತ್ತಾರೆ. ಫ್ರಿಜ್ ಮೇಲೆ ಅಂಟಿಸಿದ ಮಕ್ಕಳ ಫೋಟೊ, ವಿಳಾಸ ಇರುವ ಲಕೋಟೆ ಚಿತ್ರದಲ್ಲಿ ಬಾರದಂತೆ ನೋಡಿಕೊಳ್ಳಿ. ಮೊಬೈಲ್ ಫೋಟೊದೊಳಗೆ ತೆಗೆದ ಜಾಗದ ಮಾಹಿತಿ ಸೇರಿರಬಹುದು, ಹಾಕುವ ಮೊದಲು ಅದನ್ನೂ ಅಳಿಸಿ.

ಪ್ರತಿ ಫೋಟೊದ ಕೆಳಗೆ ಒಂದು ಸಾಲು ಇರಲಿ. ಲೇಖನ ಓದದವರೂ ಅದನ್ನು ಓದುತ್ತಾರೆ. ‘ಹೊಸ ಕಪಾಟು’ ಅಂತ ಸುಮ್ನೆ ಬರೆಯಬೇಡಿ. ‘ಆಳ 24ರಿಂದ 16 ಇಂಚಿಗೆ ಇಳಿದದ್ದರಿಂದ ಒಲೆಯ ಮುಂದೆ ನಿಂತವರ ಹಿಂದೆ ನಡೆಯಲು ಜಾಗವಾಯಿತು’ ಅಂತ ಬರೆಯಿರಿ. ತಲೆಬರಹವೂ ಹಾಗೆಯೇ. ‘ಅಡುಗೆಮನೆ ನವೀಕರಣ’ ಅಂದರೆ ಯಾರಿಗೂ ತಾಗುವುದಿಲ್ಲ. ‘ಗೋಡೆ ಒಡೆಯದೆ ಇಬ್ಬರಿಗೆ ಜಾಗವಾದ ಅಡುಗೆಮನೆ’ ಅಂದರೆ, ಅದೇ ತೊಂದರೆ ಇರುವವರು ನಿಂತು ಓದುತ್ತಾರೆ.

ಬರೆದದ್ದನ್ನು ಹಾಕುವ ಮೊದಲು ಇಬ್ಬರಿಗೆ ಓದಿಸಿ. ಒಬ್ಬರು ಆ ಮನೆಯವರು. ಇನ್ನೊಬ್ಬರು ಸೈಟ್‌ನಲ್ಲಿ ನಿಂತು ಕೆಲಸ ಮಾಡಿಸಿದವರು, ಯಾಕೆಂದರೆ 44 ಇಂಚು ಅಂತ ನೀವು ಬರೆದದ್ದು ಡ್ರಾಯಿಂಗ್‌ನ ಅಳತೆಯೋ, ಕಪಾಟು ಕೂರಿಸಿದ ಮೇಲೆ ಟೇಪ್ ಹಿಡಿದು ನೋಡಿದ್ದೋ ಅನ್ನುವುದು ಅವರಿಗೆ ಮಾತ್ರ ಗೊತ್ತಿರುತ್ತದೆ.