ಲಾಜಿಸ್ಟಿಕ್ ಕರ್ವ್ ಬಿಡಿಸುವಾಗ ನಾನು ಮೊದಲು ಗುರುತಿಸುವುದು K/2

ದ್ವಿತೀಯ ಪಿಯುಸಿ ಮಕ್ಕಳಿಗೆ ಜೀವಿಸಂಖ್ಯೆಯ ಬೆಳವಣಿಗೆಯ ಪಾಠ ಮಾಡುವಾಗ ನಾನು ಲಾಜಿಸ್ಟಿಕ್ ಕರ್ವ್‌ನ ಎಸ್ ಆಕಾರದಿಂದ ಶುರು ಮಾಡುವುದಿಲ್ಲ. ಆಕಾರ ನೋಡಿ ನೆನಪಿಟ್ಟುಕೊಂಡವರ ರೇಖೆ ಪರೀಕ್ಷೆಯಲ್ಲಿ ಎಲ್ಲೆಲ್ಲೋ ಬಾಗುತ್ತದೆ. ಎಲ್ಲಿ ಬಾಗಬೇಕು ಎಂಬುದನ್ನು ಸಮೀಕರಣವೇ ಹೇಳುತ್ತದೆ:

dN/dt = rN(K−N)/K

ಬೆಲ್ಜಿಯಂನ ವೆರ್‌ಹುಲ್ಸ್ಟ್ 1838ರಲ್ಲಿ ಕೊಟ್ಟದ್ದು ಇದು. ಪಠ್ಯದಲ್ಲಿ ಪರ್ಲ್ ಹೆಸರನ್ನೂ ಸೇರಿಸಿ ವೆರ್‌ಹುಲ್ಸ್ಟ್-ಪರ್ಲ್ ಬೆಳವಣಿಗೆ ಎನ್ನುತ್ತಾರೆ. N ಎಂದರೆ ಈಗಿರುವ ಸಂಖ್ಯೆ, dN/dt ಆ ಸಂಖ್ಯೆ ಏರುವ ದರ, r ಸಹಜ ವೃದ್ಧಿದರ, K ಧಾರಣಾ ಸಾಮರ್ಥ್ಯ, ಅಂದರೆ ಆ ಜಾಗ ಸಾಕಬಲ್ಲ ಗರಿಷ್ಠ ಸಂಖ್ಯೆ.

ಶಿರಸಿ ಕಡೆಯ ಮಕ್ಕಳಿಗೆ ನಾನು ಅಡಿಕೆ ತೋಟದ ಕೆರೆಯಲ್ಲಿ ಹಬ್ಬುವ ಅಂತರಗಂಗೆಯ ಲೆಕ್ಕ ಕೊಡುತ್ತೇನೆ. ಅದು ನೀರಿನ ಮೇಲೆ ತೇಲುತ್ತದೆ, ಪಕ್ಕಕ್ಕೆ ಮರಿ ಹಾಕಿಕೊಂಡು ಹೆಚ್ಚುತ್ತದೆ. ನೀರಿನ ಮೇಲ್ಮೈ ತುಂಬಿದ ಮೇಲೆ ಹೊಸ ಮರಿಗೆ ಜಾಗವಿಲ್ಲ, ಆದ್ದರಿಂದ K ಎಂದರೇನೆಂದು ಕಣ್ಣಿಗೇ ಕಾಣುತ್ತದೆ. ಲೆಕ್ಕಕ್ಕೆ ಕೆರೆಯ K 800 ಗಿಡ, ವಾರಕ್ಕೆ r 0.4, ಆರಂಭದಲ್ಲಿ 40 ಗಿಡ ಎಂದಿಟ್ಟುಕೊಳ್ಳೋಣ.

N 40 ಇದ್ದಾಗ ವಾರಕ್ಕೆ 15.2ರ ದರದಲ್ಲಿ ಏರಿಕೆ. 200 ಆದಾಗ 60. 400ರಲ್ಲಿ 80. ಅಲ್ಲಿಂದ ಮುಂದೆ ದರ ಇಳಿಮುಖ: 600ರಲ್ಲಿ ಮತ್ತೆ 60, 760ರಲ್ಲಿ ಮತ್ತೆ 15.2, 800ರಲ್ಲಿ ಸೊನ್ನೆ. ಅಂದರೆ ಏರಿಕೆ ಅತಿ ವೇಗವಾಗಿರುವುದು K ಹತ್ತಿರ ಅಲ್ಲ, K/2ರಲ್ಲಿ. ರೇಖೆ ಅತಿ ಕಡಿದಾಗಿರಬೇಕಾದದ್ದೂ ಅಲ್ಲೇ, ಬಾಗು ತಿರುಗಬೇಕಾದದ್ದೂ ಅಲ್ಲೇ.

ಬಿಡಿಸುವ ಕ್ರಮ ಹೀಗೆ. ಅಡ್ಡ ಅಕ್ಷಕ್ಕೆ ‘ಕಾಲ (ವಾರ)’, ಲಂಬ ಅಕ್ಷಕ್ಕೆ ‘ಸಂಖ್ಯೆ N’ ಎಂದು ಮೊದಲೇ ಬರೆಯಿರಿ. ಲಂಬದಲ್ಲಿ 1 ಸೆಂ.ಮೀ.ಗೆ 100 ಗಿಡ, ಅಡ್ಡದಲ್ಲಿ 1 ಸೆಂ.ಮೀ.ಗೆ 2 ವಾರ ಸಾಕು. 8 ಸೆಂ.ಮೀ. ಎತ್ತರದಲ್ಲಿ ಚುಕ್ಕೆ ಗೆರೆ ಎಳೆದು K ಎಂದು ಬರೆಯಿರಿ, 4 ಸೆಂ.ಮೀ.ನಲ್ಲಿ ಇನ್ನೊಂದು ತೆಳು ಚುಕ್ಕೆ ಗೆರೆ, ಅದು K/2. ಈಗ ಬಿಂದುಗಳು: 0 ವಾರಕ್ಕೆ 40, 4.6ಕ್ಕೆ 200, 7.4ಕ್ಕೆ 400, 10.1ಕ್ಕೆ 600, 14.7ಕ್ಕೆ 760. ಸ್ಕೇಲ್ ಇಡದೆ ಕೈಯಿಂದಲೇ ಸೇರಿಸಿ. K/2 ದಾಟುವ ತನಕ ರೇಖೆ ಮೇಲಕ್ಕೆ ಬಾಗುತ್ತದೆ, ದಾಟಿದ ಮೇಲೆ ಬಲಕ್ಕೆ ಒರಗುತ್ತದೆ. ಅಂಕಿಅಂಶ ಕೊಡದೆ ಬರೀ ಚಿತ್ರ ಕೇಳಿದರೂ ಈ ಎರಡು ಚುಕ್ಕೆ ಗೆರೆಗಳನ್ನು ಬಿಡಬೇಡಿ.

ಉತ್ತರಪತ್ರಿಕೆಗಳಲ್ಲಿ ಹೆಚ್ಚು ಕಾಣುವ ತಪ್ಪು, ರೇಖೆಯನ್ನು ಮೂಲಬಿಂದುವಿನಿಂದ ಹೊರಡಿಸುವುದು. N ಸೊನ್ನೆ ಇದ್ದರೆ ಸಮೀಕರಣದ ಬಲಭಾಗವೂ ಸೊನ್ನೆ, ಬೆಳೆಯಲು ಗಿಡವೇ ಇಲ್ಲ. ಸ್ವಲ್ಪ ಮೇಲಿನಿಂದಲೇ ಆರಂಭಿಸಿ. ಇನ್ನೊಂದು ತಪ್ಪು, ರೇಖೆ K ಗೆರೆಗೆ ಢಿಕ್ಕಿ ಹೊಡೆದು ಥಟ್ಟನೆ ಚಪ್ಪಟೆಯಾಗುವುದು. ಅದು ಹತ್ತಿರ ಹತ್ತಿರ ಹೋಗುತ್ತಲೇ ಇರಬೇಕು, ಈ ಸಮೀಕರಣದಲ್ಲಿ ಕೆಳಗಿನಿಂದ ಬಂದದ್ದು K ದಾಟುವುದಿಲ್ಲ.

ಓದುವಾಗ ಲಂಬ ಅಕ್ಷದ ಹೆಸರನ್ನು ಮೊದಲು ನೋಡಿ. ಪ್ರಶ್ನೆಪತ್ರಿಕೆಯಲ್ಲಿ ಲಂಬಕ್ಕೆ dN/dt, ಅಡ್ಡಕ್ಕೆ N ಕೊಟ್ಟರೆ ಎಸ್ ಬರುವುದಿಲ್ಲ. ಸೊನ್ನೆಯಿಂದ ಎದ್ದು 400ರಲ್ಲಿ 80 ಮುಟ್ಟಿ 800ರಲ್ಲಿ ನೆಲಕ್ಕಿಳಿಯುವ ಗುಡ್ಡ ಬರುತ್ತದೆ. ಅದರ ತುದಿಯನ್ನು K ಎಂದು ಗುರುತಿಸಿದವರು ಅಂಕ ಕಳೆದುಕೊಳ್ಳುತ್ತಾರೆ. ತುದಿ K/2, ಬಲಗಾಲು ಊರಿದ ಜಾಗ K. ‘ತಲಾ ವೃದ್ಧಿದರ ಯಾವಾಗ ಗರಿಷ್ಠ?’ ಎಂಬ ಪ್ರಶ್ನೆ ಮತ್ತೂ ಬೇರೆ. 40 ಗಿಡಗಳಿದ್ದಾಗ ಗಿಡವೊಂದಕ್ಕೆ 15.2/40, ಅಂದರೆ 0.38. 400ರಲ್ಲಿ 0.2, 760ರಲ್ಲಿ 0.02. ತಲಾ ದರ ಮೊದಲಿನಿಂದಲೂ ಇಳಿಯುತ್ತಲೇ ಇರುತ್ತದೆ. ಒಟ್ಟು ಏರಿಕೆ ಮಾತ್ರ ನಡುವೆ ಶಿಖರ ಮುಟ್ಟುತ್ತದೆ.

K ಶಾಶ್ವತವಲ್ಲ ಎಂಬುದನ್ನೂ ಕೇಳಬಹುದು. ಏಪ್ರಿಲ್‌ನಲ್ಲಿ ಕೆರೆ ಬತ್ತಿ ನೀರಿನ ಹರವು ಕುಗ್ಗಿ K 500ಕ್ಕೆ ಇಳಿಯಿತು, ಗಿಡ 760 ಇವೆ ಎನ್ನಿ. K−N ಈಗ −260, dN/dt ವಾರಕ್ಕೆ ಸುಮಾರು −158. ಹಳೆಯ ಚುಕ್ಕೆ ಗೆರೆ ಅಲ್ಲಿಗೇ ನಿಲ್ಲಿಸಿ, 5 ಸೆಂ.ಮೀ.ನಲ್ಲಿ ಹೊಸದು ಎಳೆಯಿರಿ. ರೇಖೆ ಅದರತ್ತ ಮೊದಲು ಕಡಿದಾಗಿ, ಬರಬರುತ್ತಾ ನಿಧಾನವಾಗಿ ಮೇಲಿನಿಂದ ಇಳಿಯುತ್ತದೆ. ಇಲ್ಲಿ ಬಾಗು ತಿರುಗುವ ಬಿಂದು ಇಲ್ಲ, ಆದ್ದರಿಂದ ತಿರುಗಿಸಿದ ಎಸ್ ಬಿಡಿಸಬೇಡಿ.